ಟೆಕ್ನಿಕಲ್ ಇಂಟರ್ವ್ಯೂನಲ್ಲಿ ‘ಗೊತ್ತಿಲ್ಲ’ ಎಂದ ಮೇಲಿನ ಐದು ನಿಮಿಷ: ಸಮಗ್ರ ಮಾರ್ಗದರ್ಶಿ

ಸಾಫ್ಟ್‌ವೇರ್ ಕೆಲಸದ ಇಂಟರ್ವ್ಯೂನಲ್ಲಿ ಕೂತಿದ್ದೀರಿ. ಮೂರು ಪ್ರಶ್ನೆ ಚೆನ್ನಾಗಿ ಹೋಯಿತು. ನಾಲ್ಕನೆಯದು ಬಂತು: “ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಕೋಟಿ ಸಾಲುಗಳ ಟೇಬಲ್ ಇದೆ. ಅದರಲ್ಲಿ ಅರವತ್ತು ಲಕ್ಷ ಸಾಲು ಡಿಲೀಟ್ ಮಾಡಿದೆವು. ಡಿಸ್ಕ್‌ನಲ್ಲಿ ಟೇಬಲ್ ಗಾತ್ರ ಒಂಚೂರೂ ಕಡಿಮೆ ಆಗಲಿಲ್ಲ. ಯಾಕೆ?”

ನಿಮಗೆ ಗೊತ್ತಿಲ್ಲ. ಪೋಸ್ಟ್‌ಗ್ರೆಸ್ ಬಳಸಿದ್ದೀರಿ, ಕ್ವೆರಿ ಬರೆದಿದ್ದೀರಿ. ಒಳಗೆ ಏನು ನಡೆಯುತ್ತದೆ ಅಂತ ಯಾವತ್ತೂ ನೋಡಿಲ್ಲ. ಈಗ ಏನು ಮಾಡಬೇಕು ಎನ್ನುವುದೇ ಈ ಬರಹ. ಇದೇ ಪ್ರಶ್ನೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ.

ಎದುರಿಗಿರುವವರು ಏನು ಬರೆದುಕೊಳ್ಳುತ್ತಾರೆ

ನಾನು ಮೇಜಿನ ಎರಡೂ ಬದಿಯಲ್ಲಿ ಕೂತಿದ್ದೇನೆ. ಇಂಟರ್ವ್ಯೂ ತೆಗೆದುಕೊಳ್ಳುವವರ ಮುಂದೆ ಸಾಮಾನ್ಯವಾಗಿ ಒಂದು ಫೀಡ್‌ಬ್ಯಾಕ್ ಫಾರ್ಮ್ ಇರುತ್ತದೆ. ಅದರಲ್ಲಿ ‘ಉತ್ತರ ಸರಿ, ಉತ್ತರ ತಪ್ಪು’ ಎಂದು ಟಿಕ್ ಹಾಕುವ ಜಾಗ ಇರುವುದು ಅಪರೂಪ. ವಿಷಯದ ಆಳ, ಸಮಸ್ಯೆ ಬಿಡಿಸುವ ರೀತಿ, ವಿವರಿಸುವ ರೀತಿ ಎಂಬಂಥ ಕೆಲವು ವಿಭಾಗಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ಅಂಕ ಕೊಟ್ಟು, ಆ ಅಂಕ ಯಾಕೆ ಎಂದು ಎರಡು ಸಾಲು ಬರೆಯಬೇಕು. ಆ ಎರಡು ಸಾಲೇ ಮುಖ್ಯ. ಆಮೇಲೆ ಎಲ್ಲರೂ ಕೂತು ತೀರ್ಮಾನ ಮಾಡುವಾಗ ಓದುವುದು ಅದನ್ನೇ.

ಮೇಲಿನ ಪ್ರಶ್ನೆಗೆ ಮೂವರು ಮೂರು ಥರ ಉತ್ತರ ಕೊಟ್ಟರು ಎಂದುಕೊಳ್ಳಿ. ಒಬ್ಬರು “ಗೊತ್ತಿಲ್ಲ” ಎಂದು ಸುಮ್ಮನಾದರು. ಇನ್ನೊಬ್ಬರು “ಇಂಡೆಕ್ಸ್ ಅಪ್‌ಡೇಟ್ ಆಗಿರಲ್ಲ, ಕ್ಯಾಶ್ ಕ್ಲಿಯರ್ ಮಾಡಿದರೆ ಸರಿಹೋಗುತ್ತೆ” ಎಂದು ಧೈರ್ಯವಾಗಿ ಹೇಳಿದರು. ಮೂರನೆಯವರು ಗೊತ್ತಿಲ್ಲ ಎಂದು ಒಪ್ಪಿಕೊಂಡು, ಗೊತ್ತಿರುವುದರಿಂದ ಹೆಜ್ಜೆ ಹಾಕುತ್ತಾ ಹೋದರು. ಮೊದಲನೆಯವರ ಬಗ್ಗೆ ನಾನು ಬರೆಯುವುದು: “ಈ ಭಾಗ ಗೊತ್ತಿಲ್ಲ.” ಅಷ್ಟೇ, ಅಂಕ ಕೊಡಲು ನನ್ನ ಹತ್ತಿರ ಬೇರೆ ಏನೂ ಇಲ್ಲ. ಎರಡನೆಯವರ ಬಗ್ಗೆ: “ಗೊತ್ತಿಲ್ಲದ್ದನ್ನು ಖಚಿತವಾಗಿ ಹೇಳುತ್ತಾರೆ.” ಇದು ಒಂದು ಪ್ರಶ್ನೆಗೆ ನಿಲ್ಲುವುದಿಲ್ಲ. ಮೊದಲ ಮೂರು ಉತ್ತರ ನಿಜಕ್ಕೂ ಗೊತ್ತಿದ್ದು ಹೇಳಿದ್ದಾ, ಅದೃಷ್ಟಕ್ಕೆ ಸರಿಯಾಗಿದ್ದಾ ಎಂಬ ಅನುಮಾನ ಶುರುವಾಗುತ್ತದೆ. ಮೂರನೆಯವರ ಬಗ್ಗೆ ಬರೆಯಲು ಅರ್ಧ ಪುಟ ಸಿಗುತ್ತದೆ.

ಇದನ್ನು ನಾನೇ ಅನುಭವಿಸಿದ್ದೇನೆ. ಒಂದು ಇಂಟರ್ವ್ಯೂನಲ್ಲಿ ಹ್ಯಾಶ್ ಇಂಡೆಕ್ಸ್ ಬಗ್ಗೆ ಕೇಳಿದರು. ಹೆಸರು ಮಾತ್ರ ಕೇಳಿದ್ದೆ. “ಅದು ಬಿ-ಟ್ರೀಗಿಂತ ಫಾಸ್ಟ್, ಎಲ್ಲಾ ಕಡೆ ಅದನ್ನೇ ಬಳಸಬಹುದು” ಎಂದುಬಿಟ್ಟೆ. ಅವರು ಶಾಂತವಾಗಿ ಮುಂದಿನ ಪ್ರಶ್ನೆ ಕೇಳಿದರು: “ಹಾಗಾದರೆ ಬೆಲೆ 100ರಿಂದ 200ರ ಒಳಗಿರುವ ವಸ್ತುಗಳನ್ನು ಹುಡುಕಲು?” ಅದಕ್ಕೂ ಹೂಂ ಅಂದೆ. ಹ್ಯಾಶ್ ಇಂಡೆಕ್ಸ್‌ನಲ್ಲಿ ಮೌಲ್ಯಗಳ ಕ್ರಮ ಉಳಿಯುವುದಿಲ್ಲ, ಸಮ ಇದೆಯಾ ಎಂದು ಹುಡುಕಲು ಮಾತ್ರ ಅದು ಬರುತ್ತದೆ. ಆಮೇಲಿನ ಅರ್ಧ ಗಂಟೆ ನಾನು ಸರಿಯಾಗಿ ಹೇಳಿದ್ದಕ್ಕೂ “ಖಚಿತವಾ?” ಎಂದು ಕೇಳುತ್ತಲೇ ಇದ್ದರು. ಆ ಕೆಲಸ ಸಿಗಲಿಲ್ಲ.

ಮೊದಲ ಹೆಜ್ಜೆ: ಯಾವ ಥರದ ‘ಗೊತ್ತಿಲ್ಲ’ ಎಂದು ಗುರುತಿಸಿ

ಪ್ರಶ್ನೆ ಕೇಳಿದ ತಕ್ಷಣ ಐದಾರು ಸೆಕೆಂಡ್ ಸುಮ್ಮನಿರಿ. “ಒಂದು ಕ್ಷಣ ಯೋಚಿಸುತ್ತೇನೆ” ಎಂದು ಹೇಳಿಯೇ ಸುಮ್ಮನಿರಿ, ಆಗ ಆ ಮೌನ ಯಾರಿಗೂ ಕಸಿವಿಸಿ ಮಾಡುವುದಿಲ್ಲ. ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಒಂದು ವಿಂಗಡಣೆ ಮಾಡಿಕೊಳ್ಳಬೇಕು.

ಕೆಲವೊಮ್ಮೆ ಗೊತ್ತಿಲ್ಲದಿರುವುದು ಉತ್ತರವಲ್ಲ, ಪ್ರಶ್ನೆಯೇ ಅರ್ಥವಾಗಿರುವುದಿಲ್ಲ. ಇದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಲ ಆಗುತ್ತದೆ. ಆಗ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಹೇಳಿ, “ನೀವು ಕೇಳುತ್ತಿರುವುದು ಇದೇನಾ?” ಎಂದು ಕೇಳಿ. ಕೆಲವೊಮ್ಮೆ ವಿಷಯ ಗೊತ್ತು, ಹೆಸರು ಮರೆತಿದೆ. ಆಗ ಹೆಸರಿಗಾಗಿ ಒದ್ದಾಡಬೇಡಿ. “ಹೆಸರು ನೆನಪಾಗುತ್ತಿಲ್ಲ, ಆದರೆ ಅದು ಮಾಡುವ ಕೆಲಸ ಇದು” ಎಂದು ವಿವರಿಸಿ. ಹೆಸರು ಮರೆತದ್ದಕ್ಕೆ ನಾನಂತೂ ಯಾರ ಅಂಕವನ್ನೂ ಕಡಿಮೆ ಮಾಡಿಲ್ಲ.

ಮೂರನೆಯದು ನಮ್ಮ ಪ್ರಶ್ನೆಯ ಥರದ್ದು. ಬಳಸಿ ಗೊತ್ತು, ಒಳಗಿನದು ಗೊತ್ತಿಲ್ಲ. ಅಂಕ ಗಳಿಸಲು ಜಾಸ್ತಿ ಜಾಗ ಇರುವುದು ಇಲ್ಲೇ. ನಾಲ್ಕನೆಯದು ಪೂರ್ತಿ ಹೊಸದು, ಆ ಪದವನ್ನೇ ಕೇಳಿಲ್ಲ. ಅದಕ್ಕೆ ಒಂದೇ ದಾರಿ: “ಈ ಪದ ನಾನು ಕೇಳಿಲ್ಲ. ಅದು ಯಾವ ಸಮಸ್ಯೆಗೆ ಅಂತ ಒಂದು ಸಾಲಿನಲ್ಲಿ ಹೇಳಿದರೆ ಯೋಚಿಸಿ ನೋಡುತ್ತೇನೆ.” ಬಹುಪಾಲು ಜನ ಹೇಳುತ್ತಾರೆ. ಹೇಳಿದ ಮೇಲೆ ಅದು ಮೂರನೆಯ ಥರದ ಪ್ರಶ್ನೆಯಾಗಿ ಬದಲಾಗುತ್ತದೆ.

ಎರಡನೆಯ ಹೆಜ್ಜೆ: ಗೆರೆ ಎಲ್ಲಿದೆ ಎಂದು ತೋರಿಸಿ

‘ಗೊತ್ತಿಲ್ಲ’ ಎಂಬ ಒಂದು ಪದ ಎದುರಿಗಿರುವವರಿಗೆ ಏನೂ ಹೇಳುವುದಿಲ್ಲ. ನಿಮಗೆ ಡೇಟಾಬೇಸ್ ಅಂದರೇನೇ ಗೊತ್ತಿಲ್ಲವಾ, ಅಥವಾ ಈ ಒಂದು ವಿಷಯ ಗೊತ್ತಿಲ್ಲವಾ? ಆದ್ದರಿಂದ ಗೊತ್ತಿರುವುದು ಎಲ್ಲಿ ಮುಗಿಯುತ್ತದೆ, ಗೊತ್ತಿಲ್ಲದ್ದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಎರಡೇ ವಾಕ್ಯದಲ್ಲಿ ಹೇಳಬೇಕು.

ನಮ್ಮ ಪ್ರಶ್ನೆಗೆ ಅದು ಹೀಗಿರಬಹುದು: “ಪೋಸ್ಟ್‌ಗ್ರೆಸ್ ಡಿಸ್ಕ್‌ನಲ್ಲಿ ಸಾಲುಗಳನ್ನು ಹೇಗೆ ಇಡುತ್ತದೆ ಎಂಬುದು ನನಗೆ ಗೊತ್ತಿಲ್ಲ. ಟ್ರಾನ್ಸಾಕ್ಷನ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತು. ಅಲ್ಲಿಂದ ಶುರುಮಾಡಿ ಊಹಿಸಲು ಪ್ರಯತ್ನಿಸಲಾ?”

ಕೊನೆಯ ಪ್ರಶ್ನೆ ಬಿಡಬೇಡಿ. ಕೆಲವರಿಗೆ ಸಮಯ ಇರುವುದಿಲ್ಲ, “ಬೇಡ, ಮುಂದೆ ಹೋಗೋಣ” ಎನ್ನುತ್ತಾರೆ. ಅದರಿಂದ ನಷ್ಟ ಇಲ್ಲ, ಐದು ನಿಮಿಷ ಉಳಿಯಿತು. “ಹೂಂ, ಹೇಳಿ” ಎಂದರೆ ನೀವು ಈಗ ಊಹೆ ಮಾಡುತ್ತಿದ್ದೀರಿ ಎಂಬುದು ಇಬ್ಬರಿಗೂ ಗೊತ್ತಿದೆ. ಆಮೇಲೆ ಊಹೆ ತಪ್ಪಾದರೂ ಅದನ್ನು ಸುಳ್ಳು ಎಂದು ಯಾರೂ ಬರೆಯುವುದಿಲ್ಲ.

ಇಲ್ಲಿ ಕ್ಷಮೆ ಕೇಳುವುದು ಬೇಡ. “ಸಾರಿ, ನಾನು ಇದನ್ನು ಓದಬೇಕಿತ್ತು, ಹೋದ ವಾರ ನೋಡಿದ್ದೆ, ಮರೆತುಹೋಯಿತು” ಎಂದೆಲ್ಲ ಎಳೆಯುತ್ತಾ ಹೋದರೆ ಯೋಚನೆಗೆ ಇದ್ದ ಸಮಯ ಅದರಲ್ಲೇ ಕಳೆದುಹೋಗುತ್ತದೆ. ಎರಡು ವಾಕ್ಯ ಹೇಳಿ, ಕೆಲಸ ಶುರುಮಾಡಿ.

ಮೂರನೆಯ ಹೆಜ್ಜೆ: ಗೊತ್ತಿರುವುದರಿಂದ ನಡೆಯುತ್ತಾ ಹೋಗಿ

ಇದೇ ಮುಖ್ಯ ಭಾಗ. ಚೆನ್ನಾಗಿ ಉತ್ತರಿಸುವ ಒಬ್ಬ ಕ್ಯಾಂಡಿಡೇಟ್ ಇದನ್ನು ಹೇಗೆ ಬಿಡಿಸುತ್ತಾರೆ ಎಂದು ನೋಡೋಣ.

“ಮೊದಲು ತಲೆಗೆ ಬಂದದ್ದು ಇದು. ಲಿನಕ್ಸ್‌ನಲ್ಲಿ ಒಂದು ಫೈಲ್ ಅಳಿಸಿದರೂ ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದರೆ ಜಾಗ ವಾಪಸ್ ಬರಲ್ಲ. ಇದೂ ಹಾಗೇ ಇರಬಹುದಾ? ಆದರೆ ಇಲ್ಲಿ ನಾವು ಫೈಲ್ ಅಳಿಸಿಲ್ಲ, ಫೈಲಿನ ಒಳಗಿನ ಸಾಲು ಅಳಿಸಿದ್ದೇವೆ. ಹಾಗಾಗಿ ಈ ಊಹೆ ಬಿಡುತ್ತೇನೆ.”

ಇಷ್ಟರಲ್ಲೇ ನಾನು ಒಂದು ಸಾಲು ಬರೆದುಕೊಂಡಿರುತ್ತೇನೆ. ತನ್ನ ಊಹೆಯನ್ನು ತಾನೇ ಪರೀಕ್ಷಿಸಿ ಕೈಬಿಡುವವರು ಕೆಲಸದಲ್ಲೂ ಹಾಗೆಯೇ ಮಾಡುತ್ತಾರೆ.

“ಈಗ ಟ್ರಾನ್ಸಾಕ್ಷನ್ ಕಡೆಯಿಂದ ನೋಡುತ್ತೇನೆ. ನಾನು ಡಿಲೀಟ್ ಮಾಡುವ ಮುಂಚೆಯೇ ಇನ್ನೊಬ್ಬರು ಒಂದು ದೊಡ್ಡ ಕ್ವೆರಿ ಶುರುಮಾಡಿದ್ದಾರೆ ಅಂದುಕೊಳ್ಳೋಣ. ಅವರಿಗೆ ಹಳೆಯ ಸಾಲುಗಳು ಕಾಣಲೇಬೇಕು. ಅಂದರೆ ನಾನು ಕಮಿಟ್ ಮಾಡಿದ ತಕ್ಷಣ ಡೇಟಾಬೇಸ್ ಆ ಸಾಲುಗಳನ್ನು ನಿಜವಾಗಿ ಒರೆಸಿಬಿಡುವ ಹಾಗಿಲ್ಲ. ಎಲ್ಲೋ ಇಟ್ಟಿರಬೇಕು. ಬಹುಶಃ ಇದ್ದ ಜಾಗದಲ್ಲೇ ‘ಇದು ಅಳಿಸಿದ್ದು’ ಎಂದು ಗುರುತು ಹಾಕಿ ಬಿಟ್ಟಿರುತ್ತದೆ. ಇದು ಊಹೆ.”

ಊಹೆ ಸರಿ ಇದೆ. ಪೋಸ್ಟ್‌ಗ್ರೆಸ್ ಮಾಡುವುದು ಅದನ್ನೇ. `DELETE` ಕೊಟ್ಟಾಗ ಸಾಲಿನ ಮೇಲೆ ‘ಇಂಥ ಟ್ರಾನ್ಸಾಕ್ಷನ್ ಇದನ್ನು ಅಳಿಸಿದೆ’ ಎಂಬ ಗುರುತು ಬೀಳುತ್ತದೆ, ಸಾಲು ಅಲ್ಲೇ ಇರುತ್ತದೆ. ಯಾರಿಗೂ ಬೇಡವಾದ ಇಂಥ ಸಾಲುಗಳನ್ನು ಡೆಡ್ ಟಪಲ್ ಎನ್ನುತ್ತಾರೆ. ಕ್ಯಾಂಡಿಡೇಟ್‌ಗೆ ಆ ಹೆಸರು ಗೊತ್ತಿಲ್ಲ, ಆದರೂ ವಿಷಯಕ್ಕೆ ತಲುಪಿದ್ದಾರೆ. ಮುಂದೆ ಕೇಳಿ.

“ಹಾಗೇ ಬಿಟ್ಟರೆ ಕಸ ತುಂಬುತ್ತಾ ಹೋಗುತ್ತೆ. ಹಾಗಾಗಿ ಆಮೇಲೆ ಬಂದು ಗುಡಿಸುವ ಒಂದು ಕೆಲಸ ಇರಲೇಬೇಕು. ಗುಡಿಸಿದ ಮೇಲೆ ಫೈಲ್ ಚಿಕ್ಕದಾಗುತ್ತದಾ? ಅಳಿಸಿದ ಸಾಲುಗಳು ಫೈಲಿನ ಉದ್ದಕ್ಕೂ ಅಲ್ಲಲ್ಲಿ ಚದುರಿವೆ. ಫೈಲ್ ಚಿಕ್ಕದಾಗಬೇಕಾದರೆ ಉಳಿದ ನಲವತ್ತು ಲಕ್ಷ ಸಾಲನ್ನು ಎತ್ತಿ ಒತ್ತಾಗಿ ಇಡಬೇಕು. ಅದು ದುಬಾರಿ ಕೆಲಸ. ಹಾಗಾಗಿ ಖಾಲಿಯಾದ ಜಾಗವನ್ನು ಹಾಗೇ ಇಟ್ಟುಕೊಂಡು ಹೊಸ ಸಾಲುಗಳಿಗೆ ಬಳಸುತ್ತದೆ ಅನ್ನಿಸುತ್ತದೆ.”

ಇದೂ ಸರಿ. ಗುಡಿಸುವ ಕೆಲಸದ ಹೆಸರು `VACUUM`. ಮಾಮೂಲಿ `VACUUM` ಜಾಗವನ್ನು ಅದೇ ಟೇಬಲಿನ ಮರುಬಳಕೆಗೆ ಬಿಡುತ್ತದೆ, ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಕೊಡುವುದಿಲ್ಲ. ಎಲ್ಲವನ್ನೂ ಒತ್ತಾಗಿ ಹೊಸ ಫೈಲಿಗೆ ಬರೆಯುವುದು `VACUUM FULL`. ಅದು ಮುಗಿಯುವವರೆಗೆ ಆ ಟೇಬಲನ್ನು ಬೇರೆಯವರು ಓದಲೂ ಆಗದಂತೆ ಲಾಕ್ ಮಾಡುತ್ತದೆ. ಹೊಸ ಫೈಲ್ ಬರೆಯಲು ಡಿಸ್ಕ್‌ನಲ್ಲಿ ಇನ್ನಷ್ಟು ಜಾಗವೂ ಬೇಕು.

ಕ್ಯಾಂಡಿಡೇಟ್ ಮಾತಾಡಿದ ರೀತಿ ಗಮನಿಸಿ. ಗೊತ್ತಿರುವುದನ್ನು ‘ಕಾಣಲೇಬೇಕು’ ಎಂದರು. ಗೊತ್ತಿಲ್ಲದ್ದನ್ನು ‘ಬಹುಶಃ’, ‘ಅನ್ನಿಸುತ್ತದೆ’, ‘ಇದು ಊಹೆ’ ಎಂದರು. ಈ ಗುರುತುಗಳನ್ನು ಎಲ್ಲಾ ವಾಕ್ಯಕ್ಕೂ ಹಾಕಿದರೆ ಉಪಯೋಗವಿಲ್ಲ, ಆಗ ನಿಜಕ್ಕೂ ಗೊತ್ತಿರುವುದೂ ಅನುಮಾನದಂತೆ ಕೇಳಿಸುತ್ತದೆ. ಊಹೆ ಇರುವ ವಾಕ್ಯಕ್ಕೆ ಮಾತ್ರ ಹಾಕಿ.

ಎಲ್ಲಿಂದ ಶುರುಮಾಡಬೇಕು ಎಂದು ತೋಚದಿದ್ದರೆ ಒಂದು ಪ್ರಶ್ನೆ ನನಗೆ ಯಾವಾಗಲೂ ಸಹಾಯ ಮಾಡಿದೆ: “ಇದನ್ನು ನಾನೇ ಕಟ್ಟಬೇಕಾಗಿದ್ದರೆ ಎಲ್ಲಿ ತೊಂದರೆ ಬರುತ್ತಿತ್ತು?” ಡೇಟಾಬೇಸ್ ಬರೆದವರಿಗೂ ಅದೇ ತೊಂದರೆ ಬಂದಿತ್ತು. ಅವರು ಹುಡುಕಿದ ದಾರಿ ನೀವು ಹುಡುಕುವ ದಾರಿಗೆ ಹತ್ತಿರವೇ ಇರುತ್ತದೆ.

ನಾಲ್ಕನೆಯ ಹೆಜ್ಜೆ: ಹೇಗೆ ಪರೀಕ್ಷಿಸುತ್ತೀರಿ ಎಂದು ಹೇಳಿ

ಇಲ್ಲಿ ಬಹಳ ಜನ “ಗೂಗಲ್ ಮಾಡಿ ನೋಡುತ್ತೇನೆ” ಎಂದು ಮುಗಿಸುತ್ತಾರೆ. ತಪ್ಪಲ್ಲ, ಆದರೆ ಅದಕ್ಕೆ ಅಂಕ ಕೊಡಲು ಬರುವುದಿಲ್ಲ, ಎಲ್ಲರೂ ಮಾಡುವುದು ಅದನ್ನೇ. ನಿಮ್ಮ ಊಹೆ ತಪ್ಪಾಗಿದ್ದರೆ ಅದು ಕಣ್ಣಿಗೆ ಕಾಣುವಂಥ ಒಂದು ಚಿಕ್ಕ ಪ್ರಯೋಗ ಹೇಳಿ.

“ಒಂದು ಲಕ್ಷ ಸಾಲಿನ ಟೇಬಲ್ ಮಾಡಿ ಗಾತ್ರ ನೋಡುತ್ತೇನೆ. ಒಂದು ಬಿಟ್ಟು ಒಂದು ಸಾಲು ಅಳಿಸುತ್ತೇನೆ. ಗುಡಿಸುವ ಕೆಲಸ ಓಡಿಸಿ ಮತ್ತೆ ಗಾತ್ರ ನೋಡುತ್ತೇನೆ. ನನ್ನ ಊಹೆ ಸರಿ ಇದ್ದರೆ ಗಾತ್ರ ಬದಲಾಗಬಾರದು. ಆಮೇಲೆ ಇನ್ನೊಂದಷ್ಟು ಸಾಲು ಸೇರಿಸಿದರೂ ಫೈಲ್ ಬೆಳೆಯಬಾರದು, ಯಾಕೆಂದರೆ ಅವು ಖಾಲಿ ಜಾಗಕ್ಕೆ ಹೋಗಬೇಕು. ಗಾತ್ರ ನೋಡುವ ಕಮಾಂಡ್ ಹೆಸರು ನನಗೆ ನೆನಪಿಲ್ಲ.”

ಹೆಸರು ನೆನಪಿಲ್ಲದಿದ್ದರೂ ಪ್ರಯೋಗ ಸರಿಯಾಗಿದೆ. ಮನೆಗೆ ಹೋದ ಮೇಲೆ ಓಡಿಸಿ ನೋಡಲು ಅದು ಹೀಗಿರುತ್ತದೆ:

```sql
CREATE TABLE t AS
  SELECT g AS id, repeat('x', 100) AS s
  FROM generate_series(1, 100000) g;
SELECT pg_relation_size('t');
DELETE FROM t WHERE id % 2 = 0;
VACUUM t;
SELECT pg_relation_size('t');
```

ಎರಡೂ ಸಲ ಒಂದೇ ಸಂಖ್ಯೆ ಬರುತ್ತದೆ. ‘ಒಂದು ಬಿಟ್ಟು ಒಂದು’ ಎಂದದ್ದು ಇಲ್ಲಿ ಮುಖ್ಯ. ಅದರ ಬದಲು `id > 50000` ಎಂದು ಅಳಿಸಿದ್ದರೆ ಫೈಲಿನ ಕೊನೆಯ ಅರ್ಧ ಪೂರ್ತಿ ಖಾಲಿಯಾಗುತ್ತದೆ. ಕೊನೆಯಲ್ಲಿರುವ ಪೂರ್ತಿ ಖಾಲಿ ಪುಟಗಳನ್ನು `VACUUM` ಕತ್ತರಿಸಿ ವಾಪಸ್ ಕೊಡಬಲ್ಲದು. ಆಗ ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ನಿಮ್ಮ ಸರಿಯಾದ ಊಹೆ ತಪ್ಪು ಎಂದು ಕಾಣುತ್ತದೆ. ‘ಅಲ್ಲಲ್ಲಿ ಚದುರಿವೆ’ ಎಂದು ಯೋಚಿಸಿದ್ದವರು ಮಾತ್ರ ಪ್ರಯೋಗವನ್ನೂ ಹಾಗೆ ಕಟ್ಟುತ್ತಾರೆ. ಇಂಥದ್ದನ್ನು ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಐದನೆಯ ಹೆಜ್ಜೆ: ಹಿಂಟ್ ಕೊಟ್ಟರೆ ಪೂರ್ತಿ ಬಳಸಿ

ನೀವು ಹೀಗೆ ನಡೆಯುತ್ತಿದ್ದರೆ ಎದುರಿಗಿರುವವರು ಸುಮ್ನೆ ಕೂರುವುದಿಲ್ಲ, ಏನಾದರೂ ಸೇರಿಸುತ್ತಾರೆ. “ಸರಿ, ಗುಡಿಸುವ ಕೆಲಸ ಓಡಿತು. ಆದರೂ ಖಾಲಿ ಜಾಗ ಸಿಗಲಿಲ್ಲ, ಟೇಬಲ್ ಬೆಳೆಯುತ್ತಲೇ ಇದೆ. ಡಿಲೀಟ್‌ಗೂ ಮುಂಚೆ, ಬೆಳಿಗ್ಗೆಯಿಂದ ಒಂದು ರಿಪೋರ್ಟ್ ಕ್ವೆರಿ ಓಡುತ್ತಾ ಇದೆ. ಏನಾಗಿರಬಹುದು?”

ಹಿಂಟ್ ಬಂದಾಗ ಆಗುವ ತಪ್ಪು ಎಂದರೆ “ಓಹ್ ಹೌದು ಹೌದು, ಗೊತ್ತಿತ್ತು” ಎನ್ನುವುದು. ಗೊತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಅದರ ಬದಲು ಹಿಂಟನ್ನು ಇಷ್ಟು ಹೊತ್ತು ಕಟ್ಟಿದ್ದರ ಜೊತೆ ಜೋಡಿಸಿ: “ಆ ಕ್ವೆರಿಗೆ ಹಳೆಯ ಸಾಲು ಇನ್ನೂ ಬೇಕಾಗಬಹುದು. ಹಾಗಾಗಿ ಗುಡಿಸುವವರು ಬಂದರೂ ಅವನ್ನು ಮುಟ್ಟುವ ಹಾಗಿಲ್ಲ. ಆ ಕ್ವೆರಿ ಮುಗಿಯುವವರೆಗೆ ಕಸ ಹಾಗೇ ಉಳಿಯುತ್ತೆ. ಅಂದರೆ ಮೊದಲು ಹುಡುಕಬೇಕಾದದ್ದು ಬಹಳ ಹೊತ್ತಿನಿಂದ ಓಡುತ್ತಿರುವ ಕ್ವೆರಿಗಳನ್ನು.”

ನಿಜವಾದ ಸರ್ವರ್‌ಗಳಲ್ಲಿ ಆಗುವುದು ಇದೇ. ಟೇಬಲ್ ಸುಮ್ಮಸುಮ್ಮನೆ ಊದಿಕೊಂಡಾಗ ಅನುಭವಸ್ಥರು ಮೊದಲು ಹುಡುಕುವ ಕಾರಣಗಳಲ್ಲಿ ಇದೂ ಒಂದು. ಐದು ನಿಮಿಷದ ಹಿಂದೆ ‘ಗೊತ್ತಿಲ್ಲ’ ಎಂದವರು ಇಲ್ಲಿಗೆ ಬಂದು ನಿಂತರೆ, ‘ಡೆಡ್ ಟಪಲ್, ವ್ಯಾಕ್ಯೂಮ್’ ಎಂದು ಎರಡು ಪದ ಹೇಳಿ ಮುಗಿಸಿದವರಿಗಿಂತ ಹೆಚ್ಚು ಅಂಕ ಕೊಡಲು ನನಗೆ ಹಿಂಜರಿಕೆ ಇಲ್ಲ.

ಹಿಂಟ್ ಕೇಳಿ ಪಡೆಯಬಹುದಾ? ಪಡೆಯಬಹುದು, ಆದರೆ “ಹಿಂಟ್ ಕೊಡಿ” ಎಂದು ಬರಿಗೈಯಲ್ಲಿ ಕೇಳಬೇಡಿ. “ನಾನು ಟ್ರಾನ್ಸಾಕ್ಷನ್ ಕಡೆಯಿಂದ ಹೋಗುತ್ತಿದ್ದೇನೆ, ದಿಕ್ಕು ಸರಿ ಇದೆಯಾ?” ಎಂದು ಕೇಳಿ.

ಯಾವಾಗ ನಿಲ್ಲಿಸಬೇಕು

ಎರಡು ಮೂರು ನಿಮಿಷದಲ್ಲಿ ಹೊಸದೇನೂ ಹೊಳೆಯದಿದ್ದರೆ, ಹೇಳಿದ್ದನ್ನೇ ಬೇರೆ ಪದದಲ್ಲಿ ಹೇಳುತ್ತಿದ್ದರೆ, ನಿಲ್ಲಿಸಿ. “ನನಗೆ ಇಲ್ಲಿವರೆಗೆ ಮಾತ್ರ ಬರುತ್ತಿದೆ. ಉತ್ತರ ಏನು ಅಂತ ಹೇಳುತ್ತೀರಾ?” ಎಂದು ಕೇಳಿ. ಅವರು ಹೇಳುವಾಗ ಗಮನ ಇಟ್ಟು ಕೇಳಿ, ಅದರ ಮೇಲೆ ಒಂದು ಪ್ರಶ್ನೆ ಕೇಳಿ. ತಲೆಯಾಡಿಸಿ ಮುಂದಕ್ಕೆ ಹೋಗುವುದಕ್ಕೂ, “ಹಾಗಾದರೆ `VACUUM FULL` ಓಡುವಾಗ ಆ್ಯಪ್ ನಿಂತುಹೋಗುತ್ತದಲ್ವಾ?” ಎಂದು ಕೇಳುವುದಕ್ಕೂ ದೊಡ್ಡ ವ್ಯತ್ಯಾಸವಿದೆ.

ಈ ದಾರಿ ನಡೆಯದ ಕಡೆಗಳು

ರೆಸ್ಯೂಮೆಯಲ್ಲಿ ನೀವೇ ಬರೆದ ವಿಷಯಕ್ಕೆ ಇದು ಕೆಲಸ ಮಾಡುವುದಿಲ್ಲ. ‘ಪೋಸ್ಟ್‌ಗ್ರೆಸ್ ಪರ್ಫಾರ್ಮೆನ್ಸ್ ಟ್ಯೂನಿಂಗ್’ ಎಂದು ಬರೆದು, ಮೇಲಿನ ಪ್ರಶ್ನೆಗೆ ಗೊತ್ತಿಲ್ಲ ಎಂದರೆ ಎಷ್ಟೇ ಚೆನ್ನಾಗಿ ಊಹಿಸಿದರೂ ನಾನು ರೆಸ್ಯೂಮೆಯನ್ನೇ ನಂಬುವುದಿಲ್ಲ. ಇಂಟರ್ವ್ಯೂ ಹಿಂದಿನ ದಿನ ರೆಸ್ಯೂಮೆಯ ಪ್ರತಿ ಸಾಲಿಗೂ ‘ಇದು ಒಳಗೆ ಹೇಗೆ ಕೆಲಸ ಮಾಡುತ್ತೆ?’ ಎಂದು ಕೇಳಿಕೊಳ್ಳಿ. ಎರಡು ನಿಮಿಷ ಮಾತಾಡಲು ಆಗದ ಸಾಲನ್ನು ತೆಗೆದುಹಾಕಿ, ಇಲ್ಲವೇ ‘ಬಳಸಿದ್ದೇನೆ’ ಎಂದು ತಗ್ಗಿಸಿ ಬರೆಯಿರಿ.

ಕೆಲಸದ ಮುಖ್ಯ ವಿಷಯವೂ ಹಾಗೆಯೇ. ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೇ ಬಂದವರಿಗೆ ಈ ಪ್ರಶ್ನೆ ಮೂಲಪಾಠ. ಅಲ್ಲಿ ಪ್ರಾಮಾಣಿಕತೆಗೆ ಗೌರವ ಸಿಗಬಹುದು, ಕೆಲಸ ಸಿಗುವುದು ಕಷ್ಟ. ಆ್ಯಪ್ ಬರೆಯುವ ಕೆಲಸಕ್ಕೆ ಬಂದವರಿಗೆ ಅದೇ ಪ್ರಶ್ನೆಗೆ ಅದೇ ಉತ್ತರ ಒಳ್ಳೆಯ ಅಂಕ ತರುತ್ತದೆ.

ಫೋನಿನಲ್ಲಿ ನಡೆಯುವ ಮೊದಲ ಸುತ್ತಿನಲ್ಲಿ ಕೆಲವೊಮ್ಮೆ ಕೇಳುವವರು ತಾಂತ್ರಿಕ ಜನರಾಗಿರುವುದಿಲ್ಲ. ಅವರ ಮುಂದೆ ಪ್ರಶ್ನೆಯ ಜೊತೆ ಉತ್ತರದ ಪಟ್ಟಿಯೂ ಇರುತ್ತದೆ. ಅಲ್ಲಿ ಊಹೆಯ ನಡಿಗೆಗೆ ಅಂಕ ಹಾಕಲು ಜಾಗವಿಲ್ಲ. “ಇದು ಗೊತ್ತಿಲ್ಲ, ಮುಂದಿನದು ಕೇಳಿ” ಎಂದು ಬೇಗ ಮುಂದೆ ಹೋಗಿ, ಉಳಿದ ಪ್ರಶ್ನೆಗಳಿಗೆ ಸಮಯ ಉಳಿಸಿಕೊಳ್ಳಿ.

ಇಂಟರ್ವ್ಯೂ ಮುಗಿದ ಅದೇ ದಿನ

ಹೊರಗೆ ಬಂದ ತಕ್ಷಣ, ಮನೆಗೆ ಹೋಗುವ ಮುಂಚೆಯೇ, ಗೊತ್ತಿಲ್ಲ ಎಂದ ಪ್ರಶ್ನೆಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ರಾತ್ರಿಗೆ ಅರ್ಧ ಮರೆತಿರುತ್ತದೆ. ಆ ರಾತ್ರಿಯೇ ಉತ್ತರ ಹುಡುಕಿ, ಮೇಲಿನ ಥರದ ಪ್ರಯೋಗ ಇದ್ದರೆ ಓಡಿಸಿ ನೋಡಿ. ಇನ್ನೂ ಸುತ್ತುಗಳು ಬಾಕಿ ಇದ್ದರೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮುಂದಿನ ಸುತ್ತಿನವರಿಗೆ ಹಿಂದಿನವರು “ಇಲ್ಲಿ ಸ್ವಲ್ಪ ತಡವರಿಸಿದರು, ಇನ್ನೊಮ್ಮೆ ನೋಡಿ” ಎಂದು ಹೇಳಿರುವುದುಂಟು. ಒಮ್ಮೆ ಒಬ್ಬ ಹುಡುಗಿಗೆ ಎರಡನೆಯ ಸುತ್ತಿನಲ್ಲಿ ನಾನು ಬೇಕೆಂದೇ ಅದೇ ವಿಷಯ ತೆಗೆದೆ. “ಮೊನ್ನೆ ಇದು ನನಗೆ ಬಂದಿರಲಿಲ್ಲ. ಮನೆಗೆ ಹೋಗಿ ಓಡಿಸಿ ನೋಡಿದೆ. ಮೊದಲ ಸಲ ಟೇಬಲಿನ ಕೊನೆಯ ಭಾಗ ಅಳಿಸಿದ್ದೆ, ಗಾತ್ರ ಕಡಿಮೆಯಾಗಿಬಿಟ್ಟಿತು. ಯಾಕೆ ಅಂತ ಹುಡುಕಲು ಒಂದು ಗಂಟೆ ಬೇಕಾಯಿತು” ಎಂದಳು. ನಾನು ಪೆನ್ನು ತೆಗೆದುಕೊಂಡು ಬರೆಯಲು ಶುರುಮಾಡಿದೆ.